ಹಾಳೆ ತಟ್ಟೆ ಘಟಕದಲ್ಲಿ ಕೂಲಿ ಲೆಕ್ಕ: ದಿನಗೂಲಿ, ಪೀಸ್ ರೇಟ್ ಮತ್ತು ಉಳಿಸಿದ ಸಮಯದ ಪಾಲು

ಮಲೆನಾಡಿನವರಿಗೆ ಎರಡು ಬಗೆಯ ಕೂಲಿಯೂ ಹೊಸದಲ್ಲ. ತೋಟಕ್ಕೆ ಮಣ್ಣು ಹಾಕಲು, ಕಪ್ಪು ತೆಗೆಯಲು ಬಂದವರಿಗೆ ದಿನದ ಲೆಕ್ಕ. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಸುಲಿದಷ್ಟಕ್ಕೆ ಲೆಕ್ಕ. ಯಾವ ಕೆಲಸಕ್ಕೆ ಯಾವ ಲೆಕ್ಕ ಎಂಬುದು ಹಿಂದಿನಿಂದ ನಡೆದು ಬಂದಿರುವುದರಿಂದ ಅಲ್ಲಿ ಯಾರೂ ಲೆಕ್ಕದ ಪುಸ್ತಕ ತೆಗೆದು ಕೂರುವುದಿಲ್ಲ. ಆದರೆ ಮನೆ ಪಕ್ಕದ ಶೆಡ್ಡಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಮಷಿನ್ ಕೂರಿಸಿದವರಿಗೆ ಇಂಥ ರೂಢಿಯ ಆಸರೆ ಇಲ್ಲ. ಹೊರಗಿನ ವ್ಯಾಪಾರಿ ತಟ್ಟೆಗೆ ಇಷ್ಟೇ ಎಂದು ದರ ಹೇಳುತ್ತಾನೆ. ಅದರಲ್ಲಿ ಕೂಲಿಯ ಪಾಲು ಎಷ್ಟು ಎಂಬುದು ಗೊತ್ತಿಲ್ಲದಿದ್ದರೆ ಒಪ್ಪಬೇಕೋ ಬಿಡಬೇಕೋ ಹೇಳುವುದು ಹೇಗೆ?

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಇಂಥ ಸಣ್ಣ ಘಟಕ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಕೂಲಿ ಮತ್ತು ಖರ್ಚಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಘಟಕದ ಅಂಕಿ ಹಾಕಿಕೊಂಡರೆ ಕ್ರಮ ಇದೇ ಇರುತ್ತದೆ.

ಮೊದಲು ಒಂದು ತಟ್ಟೆಗೆ ಎಷ್ಟು ಹೊತ್ತು ಎಂದು ನೋಡಿ

ಕೂಲಿಯ ದರ ನಿಗದಿ ಮಾಡುವ ಮುಂಚೆ ಗಡಿಯಾರ ಹಿಡಿಯಬೇಕು. ಎರಡು ಅಚ್ಚಿನ ಮಷಿನ್ ಇದೆ ಎಂದುಕೊಳ್ಳೋಣ. ನೆನೆಸಿ ತೊಳೆದ ಹಾಳೆಯ ನೀರು ಒರೆಸಿ ಅಚ್ಚಿನ ಮೇಲೆ ಸರಿಯಾಗಿ ಹಾಸಲು 25 ಸೆಕೆಂಡ್, ಒತ್ತಿ ಹಿಡಿಯಲು 55 ಸೆಕೆಂಡ್, ತೆಗೆದು ಅಂಚಿನ ಚೂರು ಬಿಡಿಸಿ ಜೋಡಿಸಲು 20 ಸೆಕೆಂಡ್. ಎರಡು ತಟ್ಟೆಗೆ ಒಟ್ಟು 100 ಸೆಕೆಂಡ್, ಅಂದರೆ ಒಂದಕ್ಕೆ 50.

ಈ 50 ಸೆಕೆಂಡನ್ನೇ ದಿನವಿಡೀ ಹಿಡಿಯುವಂತಿಲ್ಲ. ಬಿಸಿ ಅಚ್ಚಿನ ಮುಂದೆ ಕೂತವರು ನೀರು ಕುಡಿಯಲು ಏಳುತ್ತಾರೆ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ, ಅಚ್ಚಿಗೆ ಅಂಟಿದ ಕಸ ಒರೆಸುತ್ತಾರೆ, ಹೊಸ ಹಾಳೆಯ ಕಟ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಇದಕ್ಕೆಲ್ಲ ನೂರಕ್ಕೆ 20ರಷ್ಟು ಸೇರಿಸಿದರೆ ತಟ್ಟೆಗೆ 60 ಸೆಕೆಂಡ್ ಆಗುತ್ತದೆ. ಗಂಟೆಗೆ 60 ತಟ್ಟೆ, ಎಂಟು ಗಂಟೆಗೆ 480. ಇದು ನಮ್ಮ ನಿಗದಿತ ಸಮಯ.

ಈ ಅಳತೆಯಲ್ಲಿ ಒಂದು ಎಚ್ಚರ ಬೇಕು. ಘಟಕದಲ್ಲಿ ಎಲ್ಲರಿಗಿಂತ ಚುರುಕಾದವರನ್ನು ನೋಡಿ ಸಮಯ ಬರೆದರೆ ಉಳಿದವರಿಗೆ ಅದು ಎಂದೂ ಮುಟ್ಟಲಾಗದ ಗುರಿಯಾಗುತ್ತದೆ. ಹೊಸಬರನ್ನು ನೋಡಿ ಬರೆದರೆ ಮುಂದೆ ಕೊಡುವ ಬೋನಸ್ ಎಲ್ಲ ಪುಕ್ಕಟೆ ಹೋಗುತ್ತದೆ. ಕೆಲಸ ಚೆನ್ನಾಗಿ ಬಲ್ಲ, ಆದರೆ ಓಡದೆ ಒಂದೇ ಹದದಲ್ಲಿ ಮಾಡುವವರ ಸಮಯ ತೆಗೆದುಕೊಳ್ಳಿ. ಬೇರೆ ಬೇರೆ ದಿನ, ಬೆಳಿಗ್ಗೆಯೂ ಮಧ್ಯಾಹ್ನ ಊಟದ ನಂತರವೂ ನೋಡಿ. ಅಗಲವಾದ ಒಳ್ಳೆಯ ಹಾಳೆಗೂ ಗಂಟುಗಂಟಾದ ಕಿರಿದಾದ ಹಾಳೆಗೂ ಹಾಸುವ ಹೊತ್ತು ಬೇರೆಯಾಗುತ್ತದೆ. ಆದ್ದರಿಂದ ಎರಡೂ ಬಗೆಯ ಕಟ್ಟಿನ ಮೇಲೆ ನೋಡುವುದು ಒಳ್ಳೆಯದು. ಗಡಿಯಾರ ಹಿಡಿದು ಹಿಂದೆ ನಿಲ್ಲುವ ಮೊದಲು ಕೆಲಸದವರಿಗೆ ಯಾಕೆ ಎಂದು ಹೇಳಿಬಿಡಿ. "ಅಕ್ಕಾ, ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ, ಇದರ ಮೇಲೆ ನಿಮಗೆ ಬೋನಸ್ ಲೆಕ್ಕ ಹಾಕೋದು" ಎಂದರೆ ಸಾಕು. ಹೇಳದೆ ಅಳೆದರೆ ಹೆದರಿ ವೇಗ ಮಾಡುವವರೂ ಇದ್ದಾರೆ, ಬೇಕೆಂದೇ ನಿಧಾನಿಸುವವರೂ ಇದ್ದಾರೆ. ಎರಡರಿಂದಲೂ ಅಳತೆ ಕೆಡುತ್ತದೆ.

ದಿನಗೂಲಿಯಲ್ಲಿ ಏನಾಗುತ್ತದೆ

ಗಂಟೆಗೆ 75 ರೂಪಾಯಿ, ಎಂಟು ಗಂಟೆಗೆ 600 ರೂಪಾಯಿ ಕೂಲಿ ಎಂದು ಇಟ್ಟುಕೊಳ್ಳೋಣ. ನಿಗದಿತ ವೇಗದಲ್ಲಿ 480 ತಟ್ಟೆ ಬಂದರೆ ತಟ್ಟೆಗೆ ಕೂಲಿ 1 ರೂಪಾಯಿ 25 ಪೈಸೆ. ನಿಧಾನವಾಗಿ 384 ಬಂದರೆ 1 ರೂಪಾಯಿ 56 ಪೈಸೆ. ಚುರುಕಾಗಿ 640 ಬಂದರೆ 94 ಪೈಸೆ.

ದಿನದ ಕೂಲಿ ಮೂರು ಸಂದರ್ಭದಲ್ಲೂ ಒಂದೇ. ನಿಧಾನದ ನಷ್ಟವೂ ಯಜಮಾನನದು, ಚುರುಕಿನ ಲಾಭವೂ ಯಜಮಾನನದು. 640 ತಟ್ಟೆ ತೆಗೆದವರ ಕೈಗೆ ಒಂದು ಪೈಸೆಯೂ ಹೆಚ್ಚು ಬರುವುದಿಲ್ಲವಾದ್ದರಿಂದ 640 ಬರುವುದೂ ಅಪರೂಪ. ಹಾಗೆಂದು ದಿನಗೂಲಿ ಕೆಟ್ಟದ್ದಲ್ಲ. ಹಾಳೆ ತೊಳೆಯುವ, ನೆನೆಸುವ, ಬೂಸ್ಟು ಹಿಡಿದದ್ದನ್ನು ಆರಿಸಿ ತೆಗೆಯುವ ಕೆಲಸಕ್ಕೆ ನಾನು ದಿನಗೂಲಿಯನ್ನೇ ಹೇಳುತ್ತೇನೆ. ಅಲ್ಲಿ ಅವಸರ ಮಾಡಿದರೆ ಅರೆಬರೆ ನೆನೆದ ಹಾಳೆ ಅಚ್ಚಿಗೆ ಬಂದು ಸೀಳುತ್ತದೆ, ನಷ್ಟ ಮಷಿನ್ ಮೇಲೆ ಕೂತವರ ತಲೆಗೆ ಬರುತ್ತದೆ.

ಪೀಸ್ ರೇಟ್

ತಟ್ಟೆಗೆ 1 ರೂಪಾಯಿ 25 ಪೈಸೆ ಎಂದು ಕಟ್ಟಿದರೆ 640 ತೆಗೆದವರಿಗೆ 800 ರೂಪಾಯಿ, 480 ತೆಗೆದವರಿಗೆ 600. ಯಜಮಾನನಿಗೆ ತಟ್ಟೆಯ ಕೂಲಿ ಎಷ್ಟೆಂದು ಮೊದಲೇ ಗೊತ್ತು, ವ್ಯಾಪಾರಿಗೆ ದರ ಹೇಳುವುದು ಸುಲಭ. ಹಾಗಾಗಿಯೇ ಹೆಚ್ಚಿನವರು ಇದಕ್ಕೇ ಹೋಗುತ್ತಾರೆ.

ತೊಡಕು 384ರ ದಿನ ಬರುತ್ತದೆ. ಲೆಕ್ಕದ ಪ್ರಕಾರ ಆ ದಿನ 480 ರೂಪಾಯಿ. ಹಾಳೆ ಕೆಟ್ಟದ್ದಿತ್ತೋ, ಮೈ ಸರಿ ಇರಲಿಲ್ಲವೋ, ಕರೆಂಟ್ ಹೋಗಿತ್ತೋ, ಪೀಸ್ ರೇಟ್ ಅದನ್ನೆಲ್ಲ ಕೇಳುವುದಿಲ್ಲ. ಕಾನೂನು ಕೇಳುತ್ತದೆ. ಒಂದು ಕೆಲಸಕ್ಕೆ ಸರ್ಕಾರ ಸಮಯದ ಲೆಕ್ಕದಲ್ಲಿ ಕನಿಷ್ಠ ಕೂಲಿ ಗೊತ್ತು ಮಾಡಿ, ಪೀಸ್ ರೇಟ್ ಬೇರೆ ಗೊತ್ತು ಮಾಡಿರದಿದ್ದರೆ, ಪೀಸ್ ಲೆಕ್ಕದಲ್ಲಿ ಮಾಡುವವರಿಗೂ ಸಮಯದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಹೀಗೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಹೀಗೇ ಇದೆ. ಆದ್ದರಿಂದ ನಿಮ್ಮ ಪೀಸ್ ರೇಟಿನ ಕೆಳಗೆ ದಿನಗೂಲಿಯ ಒಂದು ತಳ ಇದ್ದೇ ಇರಬೇಕು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಕೆಲಸದವರು ಪಳಗಿ 800, 850 ಗಳಿಸತೊಡಗಿದಾಗ ಯಜಮಾನನ ಕೈ ದರ ಇಳಿಸಲು ತುರಿಸುತ್ತದೆ. 1.25 ಇದ್ದದ್ದು 1.05 ಆಗುತ್ತದೆ. ಒಂದು ಸಲ ಹೀಗಾದರೆ ಆಮೇಲೆ ಆ ಶೆಡ್ಡಿನಲ್ಲಿ ಯಾರೂ ತಮ್ಮ ನಿಜವಾದ ವೇಗ ತೋರಿಸುವುದಿಲ್ಲ. ಎಲ್ಲರ ತಟ್ಟೆಯ ಎಣಿಕೆಯೂ ದಿನಾ ಹೆಚ್ಚುಕಡಿಮೆ ಒಂದೇ ಅಂಕಿಗೆ ಬಂದು ನಿಲ್ಲುತ್ತದೆ. ನಿಮ್ಮ ಪುಸ್ತಕದಲ್ಲಿ ಹಾಗೆ ಕಂಡರೆ ಕೆಲಸದವರು ತಮ್ಮೊಳಗೆ ಮಾತಾಡಿಕೊಂಡು ವೇಗ ಕಟ್ಟಿಹಾಕಿದ್ದಾರೆ ಎಂದೇ ತಿಳಿಯಬೇಕು. ತಪ್ಪು ಅವರದಲ್ಲ.

ಉಳಿಸಿದ ಸಮಯವನ್ನು ಹಂಚಿಕೊಳ್ಳುವುದು

ಅಮೆರಿಕದ ಎಂಜಿನಿಯರ್ ಫ್ರೆಡೆರಿಕ್ ಹಾಲ್ಸಿ 1891ರಲ್ಲಿ ತನ್ನ ಪ್ರೀಮಿಯಂ ಯೋಜನೆಯನ್ನು ಮುಂದಿಟ್ಟದ್ದು ಈ ದರ ಕಡಿತದ ಜಗಳಕ್ಕೆ ಮದ್ದಾಗಿಯೇ. ದಿನಗೂಲಿ ಖಚಿತ. ಅದರ ಮೇಲೆ, ನಿಗದಿತ ಸಮಯಕ್ಕಿಂತ ಬೇಗ ಮುಗಿಸಿದರೆ ಉಳಿದ ಸಮಯದ ಕೂಲಿಯಲ್ಲಿ ಒಂದು ಪಾಲು ಕೆಲಸದವರಿಗೆ, ಇನ್ನೊಂದು ಪಾಲು ಘಟಕಕ್ಕೆ. ಲಾಭದಲ್ಲಿ ಯಜಮಾನನಿಗೂ ಪಾಲು ಇರುವುದರಿಂದ ದರ ಇಳಿಸುವ ಆತುರ ಕಡಿಮೆಯಾಗುತ್ತದೆ ಎಂಬುದು ಅವನ ವಾದ. ಪಾಲು ಮೂರನೇ ಒಂದು ಇರಬಹುದು, ಅರ್ಧ ಇರಬಹುದು. ನಾನು ಅರ್ಧವನ್ನೇ ಹಿಡಿಯುತ್ತೇನೆ. ಹೇಳಲು ಸುಲಭ, ಕೇಳಿದವರಿಗೆ ನ್ಯಾಯ ಎನಿಸುತ್ತದೆ.

640 ತಟ್ಟೆಯ ದಿನವನ್ನೇ ತೆಗೆದುಕೊಳ್ಳಿ. ಗಂಟೆಗೆ 60ರಂತೆ 640 ತಟ್ಟೆಗೆ ಬೇಕಾದ ನಿಗದಿತ ಸಮಯ 10 ಗಂಟೆ 40 ನಿಮಿಷ. ಮಾಡಿದ್ದು 8 ಗಂಟೆಯಲ್ಲಿ. ಉಳಿದದ್ದು 2 ಗಂಟೆ 40 ನಿಮಿಷ. ಗಂಟೆಗೆ 75ರಂತೆ ಅದರ ಬೆಲೆ 200 ರೂಪಾಯಿ. ಅರ್ಧ, ಅಂದರೆ 100 ರೂಪಾಯಿ ಬೋನಸ್. ದಿನದ ಕೂಲಿ 700 ರೂಪಾಯಿ. ತಟ್ಟೆಗೆ ಬಿದ್ದ ಕೂಲಿ 700ನ್ನು 640ರಿಂದ ಭಾಗಿಸಿದರೆ 1 ರೂಪಾಯಿ 9 ಪೈಸೆ.

ಮೂರೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟರೆ ಹೀಗೆ ಕಾಣುತ್ತದೆ. ಮೊದಲಿನ ಅಂಕಿ ದಿನದ ಕೂಲಿ, ಎರಡನೆಯದು ತಟ್ಟೆಗೆ ಬೀಳುವ ಕೂಲಿ, ಎಲ್ಲ ರೂಪಾಯಿಯಲ್ಲಿ. ಪೀಸ್ ರೇಟಿಗೂ 600ರ ತಳ ಹಾಕಿದ್ದೇನೆ.

| ದಿನದ ತಟ್ಟೆ | ದಿನಗೂಲಿ | ಪೀಸ್ ರೇಟ್ | ಅರ್ಧ ಪಾಲಿನ ಬೋನಸ್ |
|---|---|---|---|
| 384 | 600 / 1.56 | 600 / 1.56 | 600 / 1.56 |
| 480 | 600 / 1.25 | 600 / 1.25 | 600 / 1.25 |
| 640 | 600 / 0.94 | 800 / 1.25 | 700 / 1.09 |

ಕೊನೆಯ ಸಾಲು ನೋಡಿದ ಯಾರಾದರೂ ಕೇಳುತ್ತಾರೆ: ಪೀಸ್ ರೇಟಿನಲ್ಲಿ 800 ಸಿಗುವಾಗ 700ಕ್ಕೆ ಯಾಕೆ ಒಪ್ಪಬೇಕು? ನ್ಯಾಯವಾದ ಪ್ರಶ್ನೆ. ತಳವಿರುವ ಪೀಸ್ ರೇಟನ್ನು ಇಳಿಸದೆ ನಡೆಸುವ ಯಜಮಾನ ಸಿಕ್ಕರೆ ಚುರುಕು ಕೈಯವರಿಗೆ ಅದೇ ಲಾಭ. ಈಗಾಗಲೇ ಹಾಗೆ ನಡೆಯುತ್ತಿರುವ ಘಟಕದಲ್ಲಿ ಬೋನಸ್ ಯೋಜನೆ ತಂದು ಅವರ ಗಳಿಕೆ ಇಳಿಸಲು ಹೋಗಬೇಡಿ. ಯೋಜನೆ ನಿಜವಾಗಿ ಕೂರುವುದು ದಿನಗೂಲಿಯಲ್ಲಿ ನಡೆಯುತ್ತಿರುವ ಘಟಕದಲ್ಲಿ. ಅಲ್ಲಿ 600 ಬರುತ್ತಿದ್ದವರಿಗೆ 700 ಬರುತ್ತದೆ, ತಟ್ಟೆಯ ಕೂಲಿ 1.25ರಿಂದ 1.09ಕ್ಕೆ ಇಳಿಯುತ್ತದೆ, ಯಾರ ಗಳಿಕೆಯೂ ಮೊದಲಿಗಿಂತ ಕಡಿಮೆಯಾಗುವುದಿಲ್ಲ.

ಗ್ಲಾಸ್ಗೋ ನಗರದ ಜೇಮ್ಸ್ ರೋವನ್ 1898ರಲ್ಲಿ ತಂದ ಇನ್ನೊಂದು ಕ್ರಮವೂ ಇದೆ. ಅದರಲ್ಲಿ ನಿಗದಿತ ಸಮಯದ ಎಷ್ಟನೇ ಭಾಗ ಉಳಿಯಿತೋ ದಿನಗೂಲಿಯ ಅಷ್ಟನೇ ಭಾಗ ಬೋನಸ್. ನಮ್ಮ ಉದಾಹರಣೆಯಲ್ಲಿ 10 ಗಂಟೆ 40 ನಿಮಿಷದಲ್ಲಿ ನಾಲ್ಕನೇ ಒಂದು ಭಾಗ ಉಳಿದಿದೆ. 600ರ ನಾಲ್ಕನೇ ಒಂದು 150. ಕೂಲಿ 750, ತಟ್ಟೆಗೆ 1.17. ಅರ್ಧದಷ್ಟು ಸಮಯ ಉಳಿಯುವ ತನಕ ಇದು ಕೆಲಸದವರಿಗೆ ಹಾಲ್ಸಿಗಿಂತ ಹೆಚ್ಚು ಕೊಡುತ್ತದೆ. ಅದನ್ನು ದಾಟಿದರೆ ಕಡಿಮೆ ಕೊಡುತ್ತದೆ, ಮತ್ತು ಕೂಲಿ ಎಂದೂ ಎರಡು ಪಟ್ಟು ಆಗುವುದಿಲ್ಲ. ನಿಗದಿತ ಸಮಯ ಸಡಿಲವಾಗಿದೆಯೋ ಎಂಬ ಅನುಮಾನ ಇರುವವರಿಗೆ ಇದೊಂದು ಕಾವಲು. ಸಣ್ಣ ಘಟಕಕ್ಕೆ ನಾನು ಹಾಲ್ಸಿಯ ಅರ್ಧ ಪಾಲನ್ನೇ ಹೇಳುವುದಕ್ಕೆ ಕಾರಣ ಬೇರೆ. ಕೆಲಸ ಮಾಡಿದವರು ಸಂಜೆ ಮನೆಗೆ ಹೋಗುವಾಗ ತಮ್ಮ ಬೋನಸ್ಸನ್ನು ತಾವೇ ಬಾಯಿಲೆಕ್ಕದಲ್ಲಿ ಹಾಕಿಕೊಳ್ಳುವಂತಿರಬೇಕು. ಗಂಟೆಗೆ 60ರ ಮೇಲೆ ಬಂದ ಪ್ರತಿ ಹೆಚ್ಚಿನ ತಟ್ಟೆಗೆ ಅರವತ್ತೆರಡೂವರೆ ಪೈಸೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಈ ದಿನ 160 ತಟ್ಟೆ ಹೆಚ್ಚು, ಆದ್ದರಿಂದ 100 ರೂಪಾಯಿ.

ಕರೆಂಟ್ ಹೋದ ಹೊತ್ತನ್ನು ಬೇರೆ ಬರೆಯಿರಿ

ನಮ್ಮ ಕಡೆ ಯೋಜನೆ ಕೆಡುವುದು ಹೆಚ್ಚಾಗಿ ಇಲ್ಲೇ. ಗಾಳಿಗೆ ಕೊಂಬೆ ಮುರಿದು ಲೈನ್ ಮೇಲೆ ಬಿದ್ದರೆ ಒಂದೂವರೆ ಗಂಟೆ ಮಷಿನ್ ತಣ್ಣಗೆ ಕೂರುತ್ತದೆ. ಕರೆಂಟ್ ಬಂದ ಮೇಲೂ ಅಚ್ಚು ಕಾಯಬೇಕು, ಆ ಹೊತ್ತೂ ಇದರಲ್ಲೇ ಸೇರಬೇಕು.

ಅಂಥ ದಿನ ಎಂಟು ಗಂಟೆಯಲ್ಲಿ ಒಂದೂವರೆ ಗಂಟೆ ಹೋಗಿ, ಆರೂವರೆ ಗಂಟೆಯಲ್ಲಿ 450 ತಟ್ಟೆ ಬಂದವು ಎನ್ನಿ. 450ಕ್ಕೆ ನಿಗದಿತ ಸಮಯ ಏಳೂವರೆ ಗಂಟೆ. ಎಂಟು ಗಂಟೆಯ ಜೊತೆ ಹೋಲಿಸಿದರೆ ಉಳಿತಾಯವೇ ಇಲ್ಲ, ಬೋನಸ್ ಸೊನ್ನೆ. ಆದರೆ ಕೆಲಸ ನಡೆದದ್ದು ಆರೂವರೆ ಗಂಟೆ. ಅದರ ಜೊತೆ ಹೋಲಿಸಿದರೆ ಒಂದು ಗಂಟೆ ಉಳಿದಿದೆ, ಬೋನಸ್ 37 ರೂಪಾಯಿ 50 ಪೈಸೆ. ಎರಡನೆಯದೇ ಸರಿ. ಕರೆಂಟ್ ಹೋದದ್ದಕ್ಕೆ ಕೆಲಸದವರು ಹೊಣೆಯಲ್ಲ. ಮೊದಲನೆಯ ರೀತಿ ಲೆಕ್ಕ ಹಾಕಿದರೆ, ಬೆಳಿಗ್ಗೆ ಕರೆಂಟ್ ಹೋದ ದಿನ "ಇವತ್ತು ಏನು ಮಾಡಿದ್ರೂ ಬೋನಸ್ ಬರಲ್ಲ ಬಿಡೇ" ಎಂದು ಉಳಿದ ಹೊತ್ತೂ ನಿಧಾನವಾಗುತ್ತದೆ.

ತಟ್ಟೆಯ ಕೂಲಿ ನೋಡುವಾಗಲೂ ಇದನ್ನು ಬೇರೆ ಇಡಬೇಕು. ಆ ದಿನ ಕೊಟ್ಟ 637 ರೂಪಾಯಿ 50 ಪೈಸೆಯನ್ನು ಹಾಗೇ 450ರಿಂದ ಭಾಗಿಸಿದರೆ 1.42 ಬರುತ್ತದೆ, ಕೆಲಸದವರು ನಿಧಾನ ಮಾಡಿದಂತೆ ಕಾಣುತ್ತದೆ. ಸುಮ್ಮನೆ ಕೂತ ಒಂದೂವರೆ ಗಂಟೆಯ 112 ರೂಪಾಯಿ 50 ಪೈಸೆಯನ್ನು ಘಟಕದ ಇತರ ಖರ್ಚಿಗೆ ಹಾಕಿದರೆ ಉಳಿದದ್ದು 525, ತಟ್ಟೆಗೆ 1.17. ವ್ಯಾಪಾರಿಗೆ ದರ ಹೇಳುವಾಗ ಎರಡೂ ಸೇರಬೇಕು ನಿಜ. ಆದರೆ ಯಾವುದು ಕೈಯ ಕೂಲಿ, ಯಾವುದು ಕರೆಂಟಿನ ನಷ್ಟ ಎಂದು ಗೊತ್ತಿದ್ದರೆ ಮಾತ್ರ ಜನರೇಟರ್ ಹಾಕಿಸಿದರೆ ಗಿಟ್ಟುತ್ತದೋ ಇಲ್ಲವೋ ಹೇಳಬಹುದು.

ಎಣಿಸಬೇಕಾದದ್ದು ಮರುದಿನ ಬೆಳಿಗ್ಗೆ

ಬೋನಸ್ ಬಂದ ಕೂಡಲೇ ಅವಸರ ಬರುತ್ತದೆ. ಅವಸರ ಮಾಡುವವರು ಎಲ್ಲಿ ಹೊತ್ತು ಉಳಿಸುತ್ತಾರೆ? ಹಾಸುವುದರಲ್ಲೂ ತೆಗೆಯುವುದರಲ್ಲೂ ಕೈಚಳಕದಿಂದ ಉಳಿಯುವುದಾದರೆ ಸಂತೋಷ. ಆದರೆ ಸುಲಭದ ದಾರಿ ಒತ್ತಿ ಹಿಡಿಯುವ 55 ಸೆಕೆಂಡನ್ನು 40ಕ್ಕೆ ಇಳಿಸುವುದು. ತೆಗೆದ ತಕ್ಷಣ ತಟ್ಟೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ತೇವ ಉಳಿದಿರುವುದರಿಂದ ರಾತ್ರಿ ಕಳೆಯುವಷ್ಟರಲ್ಲಿ ಅಂಚು ಬಿಚ್ಚಿಕೊಂಡು ಹಾಳೆ ತನ್ನ ಹಳೆಯ ಬಾಗಿಗೆ ಹೊರಳುತ್ತದೆ. ಹತ್ತು ತಟ್ಟೆಯನ್ನು ಒಂದರ ಮೇಲೊಂದು ಇಟ್ಟು ಪಕ್ಕದಿಂದ ನೋಡಿ. ಸರಿಯಾಗಿ ಒತ್ತಿದವು ಒಂದರೊಳಗೊಂದು ಕೂತು ಕಟ್ಟು ನೆಟ್ಟಗಿರುತ್ತದೆ. ಅರೆಬರೆ ಒತ್ತಿದ್ದು ಒಂದಿದ್ದರೂ ಕಟ್ಟು ಅಲ್ಲಿ ಬಾಯಿ ಬಿಟ್ಟು ಒಂದು ಕಡೆಗೆ ವಾಲುತ್ತದೆ. ತೇವ ಉಳಿದದ್ದು ಪ್ಯಾಕ್ ಆದ ಮೇಲೆ ಬೂಸ್ಟೂ ಹಿಡಿಯುತ್ತದೆ.

ಹಾಗಾಗಿ ಬೋನಸ್ಸಿನ ಎಣಿಕೆ ಸಂಜೆ ಬೇಡ, ಮರುದಿನ ಬೆಳಿಗ್ಗೆ ಮಾಡಿ. ಕೆಟ್ಟದ್ದನ್ನು ಎರಡು ರಾಶಿ ಮಾಡಿ. ಬಿಚ್ಚಿಕೊಂಡದ್ದು, ಕರಟಿದ್ದು ಒತ್ತಿದವರ ಲೆಕ್ಕದಲ್ಲಿ ಕಳೆಯುತ್ತದೆ. ಹಾಳೆಯಲ್ಲೇ ತೂತು, ಕಲೆ, ಬೂಸ್ಟು ಇದ್ದದ್ದು ಅವರ ಲೆಕ್ಕದಲ್ಲಿ ಉಳಿಯುತ್ತದೆ, ಏಕೆಂದರೆ ಆ ಹಾಳೆಯನ್ನು ಅವರ ಕೈಗೆ ಕೊಟ್ಟದ್ದು ಘಟಕ. 640ರಲ್ಲಿ 30 ಬಿಚ್ಚಿಕೊಂಡು 10 ಬೂಸ್ಟಿನವು ಸಿಕ್ಕರೆ ಬೋನಸ್ಸಿಗೆ ಹಿಡಿಯುವುದು 610. ನಿಗದಿತ ಸಮಯ 10 ಗಂಟೆ 10 ನಿಮಿಷ, ಉಳಿದದ್ದು 2 ಗಂಟೆ 10 ನಿಮಿಷ, ಬೋನಸ್ 81 ರೂಪಾಯಿ 25 ಪೈಸೆ. ತಟ್ಟೆಯ ಕೂಲಿ ನೋಡುವಾಗ ಮಾತ್ರ ಮಾರಲು ಯೋಗ್ಯವಾದ 600ರಿಂದಲೇ ಭಾಗಿಸಬೇಕು: 681 ರೂಪಾಯಿ 25 ಪೈಸೆಗೆ 600 ತಟ್ಟೆ, ಅಂದರೆ 1 ರೂಪಾಯಿ 14 ಪೈಸೆ. ಕೆಟ್ಟ ತಟ್ಟೆಗೆ ಬೋನಸ್ ಮಾತ್ರ ಹೋಗುತ್ತದೆ. ದಿನಗೂಲಿಯ 600ಕ್ಕೆ ಕೈ ಹಾಕುವಂತಿಲ್ಲ.

ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಶೀಟ್ ಇಡುವವರು ಹೀಗೆ ಮಾಡಬಹುದು. B ಕಾಲಂನಲ್ಲಿ ಬೋನಸ್ಸಿಗೆ ಹಿಡಿಯುವ ತಟ್ಟೆ, C ಕಾಲಂನಲ್ಲಿ ಕೆಲಸ ನಡೆದ ಗಂಟೆ, D ಕಾಲಂನಲ್ಲಿ ಮಷಿನ್ ನಿಂತ ಗಂಟೆ. ದಿನದ ಕೂಲಿ ಇದು:

```
=(C2+D2)*75+0.5*MAX(0,B2/60-C2)*75
```

ಇದರಲ್ಲಿ `MAX` ಇರುವುದು ನಿಧಾನದ ದಿನ ಕೂಲಿ ತಳಕ್ಕಿಂತ ಇಳಿಯದಂತೆ. ಒಂದು ದಿನದ ಕೊರತೆಯನ್ನು ಇನ್ನೊಂದು ದಿನದ ಉಳಿತಾಯದಲ್ಲಿ ಮುರಿದುಕೊಳ್ಳಬೇಡಿ, ದಿನದ ಲೆಕ್ಕ ದಿನಕ್ಕೇ ಮುಗಿಯಲಿ. ಎಂಟು ಗಂಟೆ ಮೀರಿದ ಓಟಿಯನ್ನು ಈ ಸೂತ್ರದಲ್ಲಿ ಸೇರಿಸಿಲ್ಲ, ಅದಕ್ಕೆ ಕಾನೂನಿನ ದರ ಬೇರೆ. ದೀಪಾವಳಿಗೆ ಕೊಡುವ ಬೋನಸ್ಸಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ.

ಲಾಭ ನಿಜವೇ ಎಂದು ನೋಡುವುದು

ಯಜಮಾನನಿಗೆ ಉಳಿಯುವುದು ಕೂಲಿಯ 16 ಪೈಸೆ ಮಾತ್ರವಲ್ಲ. ಶೆಡ್ಡಿನ ಬಾಡಿಗೆ, ಸಾಲದ ಕಂತು, ಅಚ್ಚು ಕಾಯಿಸುವ ಕರೆಂಟ್ ಸೇರಿ ದಿನಕ್ಕೆ 400 ರೂಪಾಯಿ ಇದ್ದರೆ, 480 ತಟ್ಟೆಯ ದಿನ ತಟ್ಟೆಗೆ 83 ಪೈಸೆ ಬೀಳುತ್ತದೆ, 640ರ ದಿನ 63 ಪೈಸೆ. ಕೂಲಿಯೂ ಸೇರಿ 2 ರೂಪಾಯಿ 8 ಪೈಸೆ ಇದ್ದದ್ದು 1 ರೂಪಾಯಿ 72 ಪೈಸೆಗೆ ಇಳಿಯಿತು. ಬೋನಸ್ ಕೊಡಲು ಹಿಂದೆಮುಂದೆ ನೋಡುವವರು ಈ ಅಂಕಿ ನೋಡಬೇಕು.

ಆದರೆ ಇದು ಹೆಚ್ಚು ಬಂದ 160 ತಟ್ಟೆ ಮಾರಾಟವಾದರೆ ಮಾತ್ರ. ಹಾಳೆ ಬೀಳುವುದು ಮುಖ್ಯವಾಗಿ ಬೇಸಿಗೆಯಲ್ಲಿ. ಮಳೆಗಾಲಕ್ಕೆ ಒಣಗಿಸಿ ಕೂಡಿಟ್ಟದ್ದರಲ್ಲೇ ನಡೆಯಬೇಕು. ಆಗಸ್ಟಿನಲ್ಲಿ ದಾಸ್ತಾನು ಕಡಿಮೆ ಇದ್ದು ಮಷಿನ್ ವಾರಕ್ಕೆ ನಾಲ್ಕೇ ದಿನ ಓಡುವುದಾದರೆ, ವೇಗದಿಂದ ಉಳಿಯುವುದು ಕೆಲಸದವರ ಕೂಲಿಯ ದಿನಗಳೇ. ಬೇಗ ಮುಗಿಸಿದಷ್ಟೂ ಅವರ ಮನೆಗೆ ಕಡಿಮೆ ಬರುತ್ತದೆ. ಅಂಥ ತಿಂಗಳಲ್ಲಿ ಬೋನಸ್ ಯೋಜನೆ ನಿಲ್ಲಿಸಿ ದಿನಗೂಲಿಗೆ ಮರಳುವುದೇ ಸರಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಯೋಜನೆ ಇರುತ್ತದೆ ಎಂದು ಶುರುವಿನಲ್ಲೇ ಹೇಳಿಬಿಟ್ಟರೆ ಯಾರಿಗೂ ಮೋಸವಾದಂತೆ ಅನಿಸುವುದಿಲ್ಲ.

ಗಂಟೆಗೆ 60 ಎಂಬ ಅಂಕಿಯನ್ನು ಬರೆದು ಗೋಡೆಗೆ ಹಚ್ಚಿ. ಅದರ ಕೆಳಗೆ ಯಾವ ಮಷಿನ್, ಎಷ್ಟು ಅಚ್ಚು, ಎಷ್ಟು ಇಂಚಿನ ತಟ್ಟೆ, ಒತ್ತಿ ಹಿಡಿಯುವ ಹೊತ್ತು ಎಷ್ಟು ಎಂದೂ ಬರೆಯಿರಿ. ಇವುಗಳಲ್ಲಿ ಒಂದು ಬದಲಾದರೆ, ಎರಡು ಅಚ್ಚಿನ ಜಾಗಕ್ಕೆ ನಾಲ್ಕು ಅಚ್ಚಿನ ಮಷಿನ್ ಬಂದರೆ, ಹೊಸದಾಗಿ ಅಳೆಯಿರಿ. ಇವು ಬದಲಾಗದೆ ಕೆಲಸದವರ ಗಳಿಕೆ ಮಾತ್ರ ಏರಿದ್ದರೆ ಆ ಅಂಕಿಯನ್ನು ಮುಟ್ಟಬೇಡಿ.